ಸ್ಲೈಸ್ ಹಾಕಿಸಿದ್ದೇವೆ, ಆದರೆ ಕರೆ ಬಂದ ಕೂಡಲೇ ವಿಡಿಯೋ ನಿಲ್ಲುತ್ತದೆ. ಯಾಕೆ?

ಪಾರ್ಚ್‌ಮೆಂಟ್_ಹಾಸನ · ಮಂಗಳವಾರ, ರಾತ್ರಿ 9:10

ಎಲ್ಲರಿಗೂ ನಮಸ್ಕಾರ. ಹಾಸನದ ಹೊರಗೆ ಒಂದು ಕಾಫಿ ಕ್ಯೂರಿಂಗ್ ವರ್ಕ್ಸ್‌ನಲ್ಲಿ ಮೆಷಿನ್‌ಗಳ ರಿಪೇರಿ, ದೇಖರೇಖಿ ನನ್ನದು. ಹಲ್ಲರ್, ಗ್ರೇಡರ್, ಕಲರ್ ಸಾರ್ಟರ್ ಎಲ್ಲವೂ ನನ್ನ ತಲೆಮೇಲೆ. ಸಾರ್ಟರ್ ಕೈಕೊಟ್ಟರೆ ಸರ್ವೀಸ್ ಇಂಜಿನಿಯರ್ ಕೊಯಮತ್ತೂರಿನಿಂದ ಬರಬೇಕು. ಬರಲು ಒಂದು ದಿನ ಬೇಕು, ಸೀಸನ್‌ನಲ್ಲಿ ಎರಡು ದಿನವೂ ಆಗುತ್ತದೆ. ಅಷ್ಟು ಹೊತ್ತು ಒಳ್ಳೆಯ ಬೀಜದ ಜೊತೆ ಕಪ್ಪು ಬೀಜವೂ ಮೂಟೆಗೆ ಹೋಗುತ್ತಿರುತ್ತದೆ.

ಅದಕ್ಕೆ ಒಂದು ಟೆಲಿಕಾಂ ಕಂಪನಿಯವರು ಬಂದು ಟ್ರಯಲ್ ಕೊಟ್ಟರು. ಒಂದು 5ಜಿ ಫೋನ್, ಅದರಲ್ಲಿ ನಮಗೇ ಅಂತ ಮೀಸಲಾದ ಸ್ಲೈಸ್, ಅಂದರೆ ನೆಟ್‌ವರ್ಕ್‌ನಲ್ಲಿ ಒಂದು ಪಾಲು. ಫೋನನ್ನು ಸಾರ್ಟರ್ ಮುಂದೆ ಹಿಡಿದರೆ ಇಂಜಿನಿಯರ್ ಅಲ್ಲಿಂದಲೇ ನೋಡಿ ಹೇಳುತ್ತಾರೆ, ಯಾವ ಗಾಳಿ ನಳಿಕೆ ಊದುತ್ತಿಲ್ಲ, ಯಾವ ಗಾಜು ಒರೆಸಬೇಕು ಅಂತ. ಐಡಿಯಾ ತುಂಬ ಚೆನ್ನಾಗಿದೆ.

ತೊಂದರೆ ಏನೆಂದರೆ, ವಿಡಿಯೋ ಚೆನ್ನಾಗಿ ಓಡುತ್ತಿರುತ್ತದೆ. ಇಂಜಿನಿಯರ್ ಮಾತಾಡೋಣ ಅಂತ ಅದೇ ನಂಬರಿಗೆ ಕರೆ ಮಾಡುತ್ತಾರೆ. ರಿಂಗ್ ಆಗುವ ಮೊದಲೇ ವಿಡಿಯೋ ಕಲ್ಲಾಗಿ ನಿಲ್ಲುತ್ತದೆ. ಮೂರು ನಾಲ್ಕು ಸೆಕೆಂಡ್ ಬಿಟ್ಟು ಮತ್ತೆ ಬರುತ್ತದೆ, ಆದರೆ ಮಸುಕು. ಬೀಜದ ಬಣ್ಣವೇ ತಿಳಿಯುವುದಿಲ್ಲ. ಕರೆ ಮುಗಿದ ಮೇಲೆ ಸ್ವಲ್ಪ ಹೊತ್ತಿಗೆ ಸರಿಯಾಗುತ್ತದೆ. ವಾಟ್ಸಾಪ್‌ನಲ್ಲಿ ಕರೆ ಮಾಡಿದರೆ ಮಾತ್ರ ಹೀಗಾಗುವುದಿಲ್ಲ. ಕಂಪನಿಯವರನ್ನು ಕೇಳಿದರೆ "ಸಿಗ್ನಲ್ ಪ್ರಾಬ್ಲಂ" ಅಂದರು. ಸಿಗ್ನಲ್ ತೊಂದರೆ ಇದ್ದಿದ್ದರೆ ವಾಟ್ಸಾಪ್ ಕರೆಗೂ ಆಗಬೇಕಿತ್ತು, ಅಲ್ವಾ?

ಗೊರೂರು_ಹೇಮೆ · ರಾತ್ರಿ 9:32

ಅಣ್ಣ, ಇದು ಸ್ಲೈಸ್ ಚಿಕ್ಕದಾಗಿದ್ದಕ್ಕೆ. ಮಾತು ಮತ್ತು ವಿಡಿಯೋ ಎರಡೂ ಒಂದೇ ಸ್ಲೈಸ್‌ನಲ್ಲಿ ಹೋದರೆ ಜಾಗ ಸಾಲುವುದಿಲ್ಲ. ವೋಎನ್ಆರ್ ಅಂತ ಬೇರೆ ಸ್ಲೈಸ್ ಇರುತ್ತದೆ, ಅದನ್ನೂ ಹಾಕಿಸಿಕೊಳ್ಳಿ. ನಾನು ಮೊಬೈಲ್ ಅಂಗಡಿ ಇಟ್ಟಿದ್ದೇನೆ, ದಿನಾ ಇದೇ ನೋಡುತ್ತೇನೆ.

ಕಳಸದ_ಕಡೆಯವ · ರಾತ್ರಿ 9:50

ನಿಮಗೆ ವಿಡಿಯೋ ಚಿಂತೆ. ನಮ್ಮ ತೋಟದಲ್ಲಿ ಮಳೆಗಾಲ ಬಂದರೆ ಕರೆಂಟ್ ಹೋಗಿ ಎರಡನೇ ದಿನಕ್ಕೆ ಟವರ್ ಸತ್ತೇ ಹೋಗುತ್ತದೆ. ಕಳೆದ ವರ್ಷ ಅಮ್ಮನಿಗೆ ಎದೆನೋವು ಬಂದಾಗ ಜೀಪಿನಲ್ಲಿ ಆರು ಕಿಲೋಮೀಟರ್ ಬಂದ ಮೇಲೆ ಆಂಬುಲೆನ್ಸ್‌ಗೆ ಕರೆ ಹೋಯಿತು. ಈ ಸ್ಲೈಸ್ ಅನ್ನುವುದನ್ನು ತೋಟಕ್ಕೆ ಹಾಕಿಸಿದರೆ ಸಿಗ್ನಲ್ ಸಿಗುತ್ತಾ? ದುಡ್ಡು ಕೊಡಲು ನಾವು ನಾಲ್ಕು ಮನೆಯವರು ತಯಾರಿದ್ದೇವೆ.

ಕೋರ್_ಸಕಲೇಶಪುರ · ರಾತ್ರಿ 10:41

ಪಾರ್ಚ್‌ಮೆಂಟ್ ಅವರೇ, ವಾಟ್ಸಾಪ್ ವಿಷಯ ಬರೆದಿದ್ದು ಒಳ್ಳೆಯದಾಯಿತು. ಅರ್ಧ ಉತ್ತರ ಅದರಲ್ಲೇ ಇದೆ. ನಾನು ಹನ್ನೊಂದು ವರ್ಷ ಬೆಂಗಳೂರಿನಲ್ಲಿ ಮೊಬೈಲ್ ಕೋರ್ ನೆಟ್‌ವರ್ಕ್ ಕೆಲಸ ಮಾಡಿದವಳು, ಈಗ ಊರಿನಿಂದಲೇ ಕೆಲಸ. ಒಂದು ಪರೀಕ್ಷೆ ಮಾಡಿ ಹೇಳಿ. ಆ ಫೋನಿನ ಡಯಲರ್‌ನಲ್ಲಿ ಇದನ್ನು ಒತ್ತಿ:

```
*#*#4636#*#*
```

ಫೋನ್ ಮಾಹಿತಿ ಪುಟ ತೆರೆಯುತ್ತದೆ. ಅದರಲ್ಲಿ `Data Network Type` ಮುಂದೆ ಏನಿದೆ ನೋಡಿ. ಆಮೇಲೆ ಬೇರೆ ಫೋನಿನಿಂದ ಆ ನಂಬರಿಗೆ ಮಾಮೂಲಿ ಕರೆ ಮಾಡಿ, ಮಾತು ನಡೆಯುತ್ತಿರುವಾಗಲೇ ಮತ್ತೆ ಅದೇ ಸಾಲು ನೋಡಿ. ಕೆಲವು ಮಾಡೆಲ್‌ಗಳಲ್ಲಿ ಈ ಪುಟ ತೆರೆಯುವುದಿಲ್ಲ. ಆಗ ಮೇಲಿನ ಐಕಾನ್ ನೋಡಿದರೂ ಸುಮಾರಾಗಿ ತಿಳಿಯುತ್ತದೆ.

ಕಳಸದವರೇ, ನಿಮಗೆ ನೇರವಾಗಿ ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ಸ್ಲೈಸ್‌ನಿಂದ ಸಿಗ್ನಲ್ ಹುಟ್ಟುವುದಿಲ್ಲ. ಇರುವ ಸಿಗ್ನಲ್‌ನಲ್ಲಿ ಯಾರಿಗೆ ಎಷ್ಟು ಪಾಲು ಅಂತ ಹಂಚುವುದಷ್ಟೇ ಅದರ ಕೆಲಸ. ನಿಮಗೆ ಬೇಕಾಗಿರುವುದು ಟವರ್‌ಗೆ ಬ್ಯಾಟರಿ, ಡೀಸೆಲ್, ಕಡಿದುಹೋಗದ ಫೈಬರ್. ಆ ದುಡ್ಡನ್ನು ಸ್ಲೈಸ್‌ಗೆ ಹಾಕಬೇಡಿ.

ಪಾರ್ಚ್‌ಮೆಂಟ್_ಹಾಸನ · ಬುಧವಾರ, ಮಧ್ಯಾಹ್ನ 1:15

ಮಾಡಿದೆ ಮೇಡಂ. ಕರೆ ಇಲ್ಲದಾಗ `NR` ಅಂತಿದೆ. ಕರೆ ಬಂದ ಕೂಡಲೇ `LTE` ಆಯಿತು. ಮೇಲೆ 5ಜಿ ಇದ್ದದ್ದು 4ಜಿ ಆಯಿತು. ಕರೆ ಕಟ್ ಮಾಡಿ ಎಣಿಸಿದೆ, ಒಂದು ಸಲ ನಾಲ್ಕು ಸೆಕೆಂಡ್‌ಗೆ `NR` ವಾಪಸ್ ಬಂತು, ಇನ್ನೊಂದು ಸಲ ಹನ್ನೆರಡು ಸೆಕೆಂಡ್ ಆಯಿತು. ಐದು ಸಲ ಮಾಡಿದೆ, ಐದೂ ಸಲ ಹೀಗೇ.

ಕೋರ್_ಸಕಲೇಶಪುರ · ಬುಧವಾರ, ಸಂಜೆ 6:20

ಹಾಗಾದರೆ ಇದು ಸಿಗ್ನಲ್ ತೊಂದರೆ ಅಲ್ಲ, ಸ್ಲೈಸ್ ಚಿಕ್ಕದಾಗಿರುವುದೂ ಅಲ್ಲ. ನಿಮ್ಮ ಫೋನಿನಲ್ಲಿ ವೋಎನ್ಆರ್ ನಡೆಯುತ್ತಿಲ್ಲ.

ನಿಮ್ಮದು ಸ್ಟ್ಯಾಂಡ್‌ಅಲೋನ್ 5ಜಿ. ಅದರಲ್ಲಿ ಫೋನಿಗೆ 4ಜಿಯ ಆಸರೆ ಇಲ್ಲ. ರೇಡಿಯೋನೂ ಹೊಸದು, ಹಿಂದೆ ಕೂತು ಎಲ್ಲವನ್ನೂ ನಡೆಸುವ ಕೋರ್ ಕೂಡ ಹೊಸದು. ಸ್ಲೈಸ್ ಎನ್ನುವುದು ಬದುಕಿರುವುದು ಈ ಹೊಸ ಕೋರ್‌ನಲ್ಲಿ. ಈಗ ಮಾಮೂಲಿ ಕರೆ ಬಂತು ಅಂದುಕೊಳ್ಳಿ. ಮಾತನ್ನೂ 5ಜಿಯಲ್ಲೇ ಸಾಗಿಸಲು ವೋಎನ್ಆರ್ ಇರಬೇಕು. ಅದು ಇಲ್ಲದಿದ್ದರೆ ನೆಟ್‌ವರ್ಕ್ ಫೋನಿಗೆ "4ಜಿಗೆ ಇಳಿ, ಅಲ್ಲಿ ಮಾತಾಡು" ಅನ್ನುತ್ತದೆ. ಇದಕ್ಕೆ ನಮ್ಮವರು ಇಪಿಎಸ್ ಫಾಲ್‌ಬ್ಯಾಕ್ ಅನ್ನುತ್ತಾರೆ. ರಿಂಗ್ ಆಗುವ ಮೊದಲೇ ವಿಡಿಯೋ ನಿಂತಿದ್ದು ಅದಕ್ಕೇ. ಆ ಒಂದೆರಡು ಸೆಕೆಂಡ್‌ನಲ್ಲಿ ಫೋನ್ ಒಂದು ಮನೆ ಬಿಟ್ಟು ಇನ್ನೊಂದು ಮನೆಗೆ ಹೋಗುತ್ತಿತ್ತು.

ಫೋನ್ ಇಳಿದಾಗ ಮಾತು ಮಾತ್ರ ಇಳಿಯುವುದಿಲ್ಲ, ನಿಮ್ಮ ವಿಡಿಯೋನೂ ಇಳಿಯುತ್ತದೆ. 4ಜಿಯ ಕೋರ್‌ಗೆ ಸ್ಲೈಸ್ ಅಂದರೆ ಏನೆಂದೇ ಗೊತ್ತಿಲ್ಲ. ಹಾಗಾಗಿ ಕರೆ ಮುಗಿಯುವವರೆಗೆ ನೀವು ಹಾಸನದ ಬೇರೆ ಎಲ್ಲ ಗ್ರಾಹಕರ ಜೊತೆ ಒಂದೇ ಸಾಲಿನಲ್ಲಿ ನಿಂತಿರುತ್ತೀರಿ. ದುಡ್ಡು ಕೊಟ್ಟ ಪಾಲು ಆ ಹೊತ್ತಿಗೆ ಇಲ್ಲ. ಕೆಲವು ಕಡೆ ಸ್ಲೈಸ್‌ನ ಸೆಷನ್ 4ಜಿಗೆ ಬರುವುದೇ ಇಲ್ಲ, ಪೂರ್ತಿ ಕಡಿದುಹೋಗುತ್ತದೆ. ಅದು ಕಂಪನಿಯವರು ಹೇಗೆ ಕಟ್ಟಿದ್ದಾರೆ ಎನ್ನುವುದರ ಮೇಲೆ. ವಾಟ್ಸಾಪ್ ಕರೆ ನೆಟ್‌ವರ್ಕ್ ಕಣ್ಣಿಗೆ ಬರೀ ಡೇಟಾ. ಅದಕ್ಕಾಗಿ ಯಾರೂ ಫೋನನ್ನು ಕೆಳಗಿಳಿಸುವುದಿಲ್ಲ.

ವೋಎನ್ಆರ್ ಅಂದರೆ ಕರೆ ಬೇಗ ಹತ್ತುತ್ತದೆ, ಧ್ವನಿ ಚೆನ್ನಾಗಿರುತ್ತದೆ ಅಂತಲೇ ಎಲ್ಲರೂ ಹೇಳುವುದು. ಕಾರ್ಖಾನೆಗೆ ಅದಕ್ಕಿಂತ ದೊಡ್ಡ ವಿಷಯ ಬೇರೆ ಇದೆ. ವೋಎನ್ಆರ್ ಇಲ್ಲದ ಫೋನಿನಲ್ಲಿ ಸ್ಲೈಸ್‌ನ ಆಯಸ್ಸು ಮುಂದಿನ ಕರೆ ಬರುವವರೆಗೆ ಮಾತ್ರ. ಆಂಬುಲೆನ್ಸ್‌ನಲ್ಲಿ ಇಸಿಜಿ ಕಳಿಸುತ್ತಿರುವ ಫೋನಿಗೆ ಡಾಕ್ಟರ್ ಕರೆ ಮಾಡಿದರೂ ಇದೇ ಕಥೆ.

ಹೇಮೆಯವರೇ, ವೋಎನ್ಆರ್ ಬೇರೆ ಸ್ಲೈಸ್ ಅಲ್ಲ. ಸಾಮಾನ್ಯವಾಗಿ ಎಲ್ಲರೂ ಇರುವ ಸ್ಲೈಸ್‌ನಲ್ಲೇ ಮಾತಿಗೆ ಒಂದು ಪ್ರತ್ಯೇಕ ಹರಿವು ತೆರೆಯುತ್ತಾರೆ, ಅದಕ್ಕೆ ಸರತಿಯಲ್ಲಿ ಮಾಮೂಲಿ ಡೇಟಾಗಿಂತ ಮುಂದಿನ ಜಾಗ ಮತ್ತು 100 ಮಿಲಿಸೆಕೆಂಡ್ ಗಡುವು. ಮತ್ತೆ ಮಾತಿಗೆ ಜಾಗ ಎಷ್ಟು ಬೇಕು ಗೊತ್ತಾ? 13.2 ಕಿಲೋಬಿಟ್ ಕೋಡೆಕ್‌ನಲ್ಲಿ 20 ಮಿಲಿಸೆಕೆಂಡ್‌ಗೆ ಒಂದು ಪೊಟ್ಟಣ, ಅದರಲ್ಲಿ ಮಾತು ಬರೀ 33 ಬೈಟ್. ಅದರ ಮೇಲೆ ಅಂಟಿಸುವ ವಿಳಾಸದ ಚೀಟಿಯೇ 60 ಬೈಟ್, ಅದನ್ನೂ ರೇಡಿಯೋದಲ್ಲಿ ಮೂರ್ನಾಲ್ಕು ಬೈಟ್‌ಗೆ ಹಿಂಡಿ ಕಳಿಸುತ್ತಾರೆ. ವಿಡಿಯೋ ಮುಂದೆ ಅದು ಏನೇನೂ ಅಲ್ಲ. ಮಾತಿನಿಂದ ವಿಡಿಯೋಗೆ ಜಾಗ ಸಾಲದೆ ಹೋಗುವ ಮಾತೇ ಇಲ್ಲ.

ಗೊರೂರು_ಹೇಮೆ · ಬುಧವಾರ, ರಾತ್ರಿ 8:05

ಅಕ್ಕ, ಒಪ್ಪಿದೆ. ಆದರೆ ಒಂದು ಅನುಮಾನ. ನನ್ನ ಫೋನಿನಲ್ಲಿ ವೋಎನ್ಆರ್ ಆಯ್ಕೆಯೇ ಇಲ್ಲ, ಆದರೂ ಕರೆ ಮಾತಾಡುವಾಗ ಮೇಲೆ 5ಜಿ ಹಾಗೇ ಇರುತ್ತದೆ, ನೆಟ್ಟೂ ನಿಲ್ಲುವುದಿಲ್ಲ. ನನ್ನದು ಬೇರೆ ಕಂಪನಿ ಸಿಮ್. ಹಾಗಾದರೆ ನನ್ನದು ಮಾತ್ರ ಹೇಗೆ ಇಳಿಯುವುದಿಲ್ಲ?

ಕೋರ್_ಸಕಲೇಶಪುರ · ಬುಧವಾರ, ರಾತ್ರಿ 8:40

ನೀವು ನೋಡಿದ್ದು ಸರಿ. ನಿಮ್ಮದು ಬಹುಶಃ ಸ್ಟ್ಯಾಂಡ್‌ಅಲೋನ್ ಅಲ್ಲ. 2022ರ ಅಕ್ಟೋಬರ್‌ನಲ್ಲಿ ನಮ್ಮಲ್ಲಿ 5ಜಿ ಶುರುವಾದಾಗ ಎರಡೂ ಬಗೆಯವು ಬಂದವು. ಇನ್ನೊಂದು ಬಗೆಯಲ್ಲಿ ಫೋನಿನ ಒಂದು ಕಾಲು ಯಾವಾಗಲೂ 4ಜಿಯಲ್ಲೇ ಇರುತ್ತದೆ, ವೇಗಕ್ಕೆ ಮಾತ್ರ 5ಜಿ ರೇಡಿಯೋ ಸೇರಿಸಿಕೊಳ್ಳುತ್ತದೆ. ಮಾತು 4ಜಿಯ ಕಾಲಿನಲ್ಲಿ, ನೆಟ್ 5ಜಿಯ ಕಾಲಿನಲ್ಲಿ. ಇಳಿಯುವ ಪ್ರಶ್ನೆಯೇ ಇಲ್ಲ, ಯಾಕೆಂದರೆ ಹತ್ತಿಯೇ ಇಲ್ಲ. ನೀವೂ ಆ ಪುಟ ತೆರೆದು ನೋಡಿ. `Data Network Type` ಮುಂದೆ `LTE` ಅಂತಿದ್ದು, ಕೆಳಗೆ `NR State` ಮುಂದೆ `CONNECTED` ಅಂತ ಬಂದರೆ ಅದು ಇದೇ. ಮನೆಯಲ್ಲಿ ಸಿನಿಮಾ ನೋಡಲು ಅದು ಸಾಕು. ಆದರೆ ಹಿಂದೆ ಇರುವುದು 4ಜಿ ಕೋರ್, ಅದರಲ್ಲಿ ಈ ಸ್ಲೈಸ್ ಸಿಗುವುದಿಲ್ಲ.

ಗೊರೂರು_ಹೇಮೆ · ಬುಧವಾರ, ರಾತ್ರಿ 8:52

ನೋಡಿದೆ. ನೀವು ಹೇಳಿದ ಹಾಗೇ ಇದೆ. ಅಂಗಡಿಗೆ ಬರುವವರಿಗೆ ಇಷ್ಟು ದಿನ ತಪ್ಪು ಹೇಳುತ್ತಿದ್ದೆ ಅನ್ನಿಸಿತು. ಥ್ಯಾಂಕ್ಸ್ ಅಕ್ಕ.

ಆಲೂರು_ಪ್ರೀಪೇಯ್ಡ್ · ಬುಧವಾರ, ರಾತ್ರಿ 9:30

ಈ ಸ್ಲೈಸ್ ಪ್ಯಾಕ್ ಎಷ್ಟು ರೂಪಾಯಿ? 28 ದಿನ ಬರುತ್ತಾ? ನನಗೆ ಆನ್‌ಲೈನ್ ಗೇಮ್‌ಗೆ ಬೇಕು.

ಪಾರ್ಚ್‌ಮೆಂಟ್_ಹಾಸನ · ಗುರುವಾರ, ಬೆಳಿಗ್ಗೆ 7:45

ಅದು ರೀಚಾರ್ಜ್ ಪ್ಯಾಕ್ ಅಲ್ಲ ತಮ್ಮ. ನಮಗೆ ಕಂಪನಿಯ ಜೊತೆ ಬೇರೆ ಕಾಗದ ಆಗಿದೆ.

ಮೇಡಂ, ಕಂಪನಿಯವರಿಗೆ ನಿಮ್ಮ ವಿವರಣೆಯನ್ನೇ ಓದಿ ಹೇಳಿದೆ. ಈ ಸಲ ಬೇರೆ ಹುಡುಗ ಫೋನ್ ಎತ್ತಿದ. ತಕ್ಷಣ ಅರ್ಥ ಮಾಡಿಕೊಂಡ. ನಮ್ಮ ಜಾಗದಲ್ಲಿ ವೋಎನ್ಆರ್ ಇದೆಯಂತೆ, ಆದರೆ ಅವರು ಕೊಟ್ಟ ಫೋನಿನ ಮಾಡೆಲ್‌ಗೆ ಅದು ತೆರೆದಿಲ್ಲವಂತೆ. ಬೇರೆ ಫೋನ್ ತಂದುಕೊಟ್ಟ. ಸೆಟ್ಟಿಂಗ್‌ನಲ್ಲಿ `VoNR` ಅಂತ ಒಂದು ಸ್ವಿಚ್ ಇತ್ತು, ಆನ್ ಮಾಡಿದೆವು. ಈಗ ಕರೆ ಬಂದರೂ `NR` ಹಾಗೇ ಇರುತ್ತದೆ, ವಿಡಿಯೋ ನಿಲ್ಲುವುದಿಲ್ಲ. ನಿನ್ನೆ ಸಂಜೆ ಇಂಜಿನಿಯರ್ ಜೊತೆ ಹದಿನೈದು ನಿಮಿಷ ಮಾತಾಡುತ್ತಲೇ ಒಂದು ನಳಿಕೆ ಬಿಚ್ಚಿ ಕ್ಲೀನ್ ಮಾಡಿದೆ. ನಿಜವಾಗಿ ಖುಷಿಯಾಯಿತು.

ಆದರೆ ಸಂಜೆ ಏಳರ ಮೇಲೆ ಶೆಡ್ ಒಳಗೆ ವಿಡಿಯೋ ಮತ್ತೆ ಮಸುಕು, ಕರೆ ಇಲ್ಲದಿದ್ದರೂ. ಸುತ್ತಲ ಬಡಾವಣೆಯವರೆಲ್ಲ ಮನೆಗೆ ಬಂದು ಫೋನ್ ಹಿಡಿಯುವ ಹೊತ್ತು ಅದು. ಹಾಗಾಗಬಾರದು ಅಂತಲೇ ಅಲ್ವಾ ಸ್ಲೈಸ್ ಇರುವುದು?

ಕೋರ್_ಸಕಲೇಶಪುರ · ಗುರುವಾರ, ಬೆಳಿಗ್ಗೆ 10:10

ಒಂದು ಪ್ರಶ್ನೆ. ವಿಡಿಯೋ ಆ್ಯಪ್‌ನ ಐಕಾನ್ ಮೂಲೆಯಲ್ಲಿ ಸಣ್ಣ ಬ್ರೀಫ್‌ಕೇಸ್ ಗುರುತು ಇದೆಯಾ?

ಪಾರ್ಚ್‌ಮೆಂಟ್_ಹಾಸನ · ಗುರುವಾರ, ಬೆಳಿಗ್ಗೆ 10:25

ಆ ಗುರುತು ಇರುವ ಆ್ಯಪ್‌ಗಳು ಬೇರೆ ಪುಟದಲ್ಲಿ ನಾಲ್ಕು ಇವೆ, ಮೇಲ್ ಮತ್ತೇನೋ. ವಿಡಿಯೋ ಆ್ಯಪ್ ನಾನೇ ಪ್ಲೇ ಸ್ಟೋರ್‌ನಿಂದ ಹಾಕಿಕೊಂಡಿದ್ದು. ಅದಕ್ಕೆ ಗುರುತಿಲ್ಲ.

ಕೋರ್_ಸಕಲೇಶಪುರ · ಗುರುವಾರ, ಬೆಳಿಗ್ಗೆ 11:00

ಹಾಗಾದರೆ ನಿಮ್ಮ ವಿಡಿಯೋ ಇದುವರೆಗೆ ಒಂದು ದಿನವೂ ಸ್ಲೈಸ್‌ನಲ್ಲಿ ಹೋಗಿಲ್ಲದಿರಬಹುದು.

ಸ್ಲೈಸ್ ಕೊಡಲು ಎರಡು ದಾರಿ ಇವೆ. ಒಂದು, ಇಡೀ ಸಿಮ್ಮನ್ನೇ ಆ ಸ್ಲೈಸ್‌ಗೆ ಹಾಕುವುದು. ಅದು ಸುಲಭ, ಏನೇ ಕಳಿಸಿದರೂ ಅಲ್ಲೇ ಹೋಗುತ್ತದೆ. ಇನ್ನೊಂದು, ಆ್ಯಪ್ ನೋಡಿ ಬೇರ್ಪಡಿಸುವುದು. ನೆಟ್‌ವರ್ಕ್ ಫೋನಿಗೆ ಒಂದು ನಿಯಮದ ಪಟ್ಟಿ ಕಳಿಸುತ್ತದೆ, ಇಂಥ ಆ್ಯಪ್ ಈ ಸ್ಲೈಸ್‌ಗೆ, ಉಳಿದದ್ದು ಮಾಮೂಲಿಗೆ ಅಂತ. ಆಂಡ್ರಾಯ್ಡ್ 12ರಿಂದ ಇದು ವರ್ಕ್ ಪ್ರೊಫೈಲ್ ಜೊತೆ ಬಂತು. ಬ್ರೀಫ್‌ಕೇಸ್ ಗುರುತಿನ ಆ್ಯಪ್‌ಗಳು ಮಾತ್ರ ಕಂಪನಿಯ ಸ್ಲೈಸ್‌ಗೆ ಹೋಗುತ್ತವೆ. ಪಟ್ಟಿಯಲ್ಲಿ ಇಲ್ಲದ ಆ್ಯಪ್ ಸದ್ದಿಲ್ಲದೆ ಮಾಮೂಲಿ ದಾರಿ ಹಿಡಿಯುತ್ತದೆ. ಪರದೆ ಮೇಲೆ ಯಾವ ಎಚ್ಚರಿಕೆಯೂ ಬರುವುದಿಲ್ಲ, ಅದೇ ಕಷ್ಟ. ಕಂಪನಿಯವರ ಹತ್ತಿರ ಒಂದೇ ಮಾತು ಕೇಳಿ: ಈ ಸಿಮ್‌ನ ಸ್ಲೈಸ್ ಸೆಷನ್‌ನಲ್ಲಿ ಎಷ್ಟು ಡೇಟಾ ಹರಿದಿದೆ, ತಾರೀಕಿನ ಪ್ರಕಾರ ಕೊಡಿ. ಅವರ ಕೋರ್‌ನಲ್ಲಿ ಆ ಲೆಕ್ಕ ಇದ್ದೇ ಇರುತ್ತದೆ.

ಪಾರ್ಚ್‌ಮೆಂಟ್_ಹಾಸನ · ಶುಕ್ರವಾರ, ಸಂಜೆ 5:30

ಲೆಕ್ಕ ಬಂತು. ವಿಡಿಯೋ ಮಾಡಿದ ದಿನಗಳಲ್ಲೆಲ್ಲ ಸ್ಲೈಸ್ ಸೆಷನ್‌ನಲ್ಲಿ ಬರೀ ಮೇಲ್‌ನಷ್ಟು ಡೇಟಾ. ವಿಡಿಯೋ ಒಂದು ತುಣುಕೂ ಇಲ್ಲ. ಒಂದು ತಿಂಗಳು ಮಾಮೂಲಿ 5ಜಿಯಲ್ಲೇ ನಡೆಸಿ, ಸ್ಲೈಸ್ ಚೆನ್ನಾಗಿಲ್ಲ ಅಂತ ಯಜಮಾನರಿಗೆ ವರದಿಯನ್ನೂ ಕೊಟ್ಟುಬಿಟ್ಟಿದ್ದೆ. ಮನಸ್ಸಿಗೆ ತುಂಬ ಕಸಿವಿಸಿ ಆಯಿತು.

ಆ್ಯಪ್‌ನ್ನು ವರ್ಕ್ ಪ್ರೊಫೈಲ್‌ಗೆ ಹಾಕಿಸಿದೆ. ಈಗ ಸಂಜೆ ಏಳಕ್ಕೂ ಶೆಡ್ ಬಾಗಿಲ ಹತ್ತಿರ ಕನ್ನಡಿಯ ಹಾಗೆ ಬರುತ್ತದೆ. ಆದರೆ ಒಳಗೆ ಸಾರ್ಟರ್ ಹತ್ತಿರ ಇನ್ನೂ ಮಸುಕು. ಕರೆ ಇಲ್ಲ, ಸ್ಲೈಸ್ ಇದೆ, ಆದರೂ ಮಸುಕು. ಬೆಳಿಗ್ಗೆ ಸ್ಪೀಡ್ ಟೆಸ್ಟ್ ಮಾಡಿದ್ದೆ, ಕಳಿಸುವ ವೇಗ ಬಾಗಿಲಲ್ಲಿ 40 ಎಂಬಿಪಿಎಸ್, ಒಳಗೆ 6. ವಿಡಿಯೋಗೆ ಬೇಕಾಗಿದ್ದು 4.

ಕೋರ್_ಸಕಲೇಶಪುರ · ಶುಕ್ರವಾರ, ರಾತ್ರಿ 9:15

ಮಾರುವವರು ಬಿಡಿಸಿ ಹೇಳದ ಜಾಗ ಇದು. ಸ್ಲೈಸ್‌ನಲ್ಲಿ ನಿಮಗೆ ಕೊಡುವುದು ಸಾಮಾನ್ಯವಾಗಿ ರೇಡಿಯೋದ ಪಾಲು. ವೇಗದ ಭರವಸೆ ಬೇರೆ.

100 ಮೆಗಾಹರ್ಟ್ಸ್ 5ಜಿಯಲ್ಲಿ ರೇಡಿಯೋವನ್ನು 273 ಪಟ್ಟಿಗಳಾಗಿ ಸೀಳಿರುತ್ತಾರೆ. ಗದ್ದಲ ಎಷ್ಟೇ ಇದ್ದರೂ ನಿಮಗೆ ಹತ್ತರಲ್ಲಿ ಒಂದು ಪಾಲು ಅಂತ ಬರೆದುಕೊಟ್ಟರು ಅಂದುಕೊಳ್ಳಿ, ಸುಮಾರು 27 ಪಟ್ಟಿ. ಒಂದು ಪಟ್ಟಿಯಲ್ಲಿ ಎಷ್ಟು ಡೇಟಾ ಹಿಡಿಯುತ್ತದೆ ಎನ್ನುವುದು ನೀವು ನಿಂತ ಜಾಗದ ಸಿಗ್ನಲ್ ಮೇಲೆ. ನಿಮ್ಮ ಬೆಳಗಿನ ಟೆಸ್ಟ್‌ನಲ್ಲಿ ಟವರ್ ಖಾಲಿ ಇತ್ತು ಅಂತ ಇಟ್ಟುಕೊಳ್ಳೋಣ. ಬಾಗಿಲಲ್ಲಿ 40ರ ಹತ್ತನೇ ಒಂದು 4, ವಿಡಿಯೋಗೆ ಸರಿಯಾಗಿ ಸಾಕು. ಒಳಗೆ 6ರ ಹತ್ತನೇ ಒಂದು 0.6. ಅದೇ ಸ್ಲೈಸ್, ಅದೇ ಪಾಲು, ಇಪ್ಪತ್ತು ಹೆಜ್ಜೆ ಒಳಗೆ ಬಂದರೆ ವಿಡಿಯೋ ಸತ್ತಿತು. ಲೆಕ್ಕ ಒರಟು ಅನ್ನುವುದು ನಿಜ. ಸಿಗ್ನಲ್ ಕಡಿಮೆ ಇರುವಲ್ಲಿ ಫೋನ್ ತನ್ನ ಶಕ್ತಿಯನ್ನೆಲ್ಲ ಕಡಿಮೆ ಪಟ್ಟಿಗಳಿಗೆ ಸುರಿಯುತ್ತದೆ, ಆದ್ದರಿಂದ 0.6ಕ್ಕಿಂತ ಜಾಸ್ತಿಯೇ ಸಿಗಬಹುದು. ಆದರೆ 4 ಸಿಗುವುದು ಅನುಮಾನ.

ನಿಮ್ಮದು ತಗಡಿನ ಶೆಡ್. 3.5 ಗಿಗಾಹರ್ಟ್ಸ್ ತಗಡು ದಾಟಿ ಬರುವುದು ಕಷ್ಟ, ಕಿಟಕಿ ಬಾಗಿಲಿನಿಂದ ನುಸುಳಿದ್ದೇ ಒಳಗೆ ಸಿಗುವುದು. ಅದರ ಮೇಲೆ ಈ 5ಜಿಯಲ್ಲಿ ಕಳಿಸುವುದಕ್ಕೂ ಪಡೆಯುವುದಕ್ಕೂ ಒಂದೇ ಬ್ಯಾಂಡ್, ಸಮಯ ಹಂಚಿಕೊಂಡು. ಹಂಚುವಾಗ ಕಳಿಸುವುದಕ್ಕೆ ನಾಲ್ಕನೇ ಒಂದು ಭಾಗ ಸಿಕ್ಕರೆ ಹೆಚ್ಚು. ಮೊಬೈಲ್ ನೆಟ್‌ವರ್ಕ್ ಸಿನಿಮಾ ನೋಡುವವರಿಗೆ ಕಟ್ಟಿದ್ದು. ಕಾರ್ಖಾನೆಗೆ ಬೇಕಾಗಿರುವುದು ಒಳಗಿನಿಂದ ಹೊರಗೆ ಕಳಿಸುವುದು.

ನಾನಾಗಿದ್ದರೆ ಛಾವಣಿ ಮೇಲೆ ಆಂಟೆನಾ ಇರುವ 5ಜಿ ರೂಟರ್ ಹಾಕಿ, ಅದರ ಸಿಮ್ಮನ್ನು ಪೂರ್ತಿ ಸ್ಲೈಸ್‌ಗೆ ಸೇರಿಸಿ, ಸಾರ್ಟರ್ ಪಕ್ಕದ ಕ್ಯಾಮೆರಾಗೆ ಕೇಬಲ್ ಎಳೆಯುತ್ತಿದ್ದೆ. ರೂಟರ್‌ಗೆ ಯಾರೂ ಕರೆ ಮಾಡುವುದಿಲ್ಲ, ಆದ್ದರಿಂದ ಅದು 4ಜಿಗೆ ಇಳಿಯುವ ಆ ಕಾಟವೂ ಇಲ್ಲ.

ಹಾಲಿನ_ಲೆಕ್ಕ · ಶುಕ್ರವಾರ, ರಾತ್ರಿ 10:00

ಕೇಬಲ್ಲೇ ಎಳೆಯುವುದಾದರೆ ಫೈಬರ್ ಇಂಟರ್ನೆಟ್ ಹಾಕಿಸಬಹುದಲ್ವಾ, 5ಜಿ ಯಾಕೆ? ಇನ್ನೊಂದು, ನಾನು ಹಾಲು ಪ್ಯಾಕಿಂಗ್ ಘಟಕದಲ್ಲಿದ್ದೇನೆ. ಸ್ಟ್ಯಾಂಡ್‌ಅಲೋನ್ 5ಜಿ ಬಂದರೆ 1 ಮಿಲಿಸೆಕೆಂಡ್‌ನಲ್ಲಿ ರೋಬೋಟ್ ಓಡಿಸಬಹುದು ಅಂತ ಒಂದು ಮೀಟಿಂಗ್‌ನಲ್ಲಿ ತೋರಿಸಿದರು. ಬೆಂಗಳೂರಿನಲ್ಲಿ ಕೂತು ನಮ್ಮ ಲೈನ್ ನಡೆಸಬಹುದಂತೆ. ನಿಜವಾ?

ಕೋರ್_ಸಕಲೇಶಪುರ · ಶನಿವಾರ, ಬೆಳಿಗ್ಗೆ 8:30

ಮೊದಲನೆಯದಕ್ಕೆ ಹೌದು. ಅಲುಗಾಡದ ಯಂತ್ರಕ್ಕೆ ಫೈಬರ್ ಸಿಗುವುದಾದರೆ ಫೈಬರ್ ಹಾಕಿಸಿ, 5ಜಿಯನ್ನು ಅದರ ಜೊತೆಗೆ ಇಟ್ಟುಕೊಳ್ಳಿ. ಓಡಾಡುವ ಕೆಲಸಕ್ಕೆ ಮಾತ್ರ 5ಜಿಗೆ ಸಾಟಿ ಇಲ್ಲ: ಗೋದಾಮಿನ ಫೋರ್ಕ್‌ಲಿಫ್ಟ್, ಕಣದಲ್ಲಿ ಓಡಾಡುವ ಮೇಸ್ತ್ರಿಯ ಫೋನ್, ಆಂಬುಲೆನ್ಸ್.

ಎರಡನೆಯದನ್ನು ನೀವೇ ಲೆಕ್ಕ ಹಾಕಬಹುದು. ಫೈಬರ್‌ನಲ್ಲಿ ಬೆಳಕು ಒಂದು ಕಿಲೋಮೀಟರ್‌ಗೆ 5 ಮೈಕ್ರೋಸೆಕೆಂಡ್ ತೆಗೆದುಕೊಳ್ಳುತ್ತದೆ. ಹಾಸನದಿಂದ ಬೆಂಗಳೂರಿಗೆ 180 ಕಿಲೋಮೀಟರ್ ಅಂತ ಹಿಡಿದರೂ ಹೋಗಲು 0.9 ಮಿಲಿಸೆಕೆಂಡ್, ಬರಲು 0.9. ಬೆಳಕಿನ ಓಟಕ್ಕೇ 1.8 ಹೋಯಿತು. ರೇಡಿಯೋ, ನಡುವಿನ ಪೆಟ್ಟಿಗೆಗಳು ಇನ್ನೂ ಲೆಕ್ಕಕ್ಕೆ ಬಂದಿಲ್ಲ. ಆ 1 ಮಿಲಿಸೆಕೆಂಡ್ ಎನ್ನುವುದು ಫೋನ್ ಮತ್ತು ಟವರ್ ನಡುವಿನ ಗುರಿ. ಹಾಗಾಗಿ ವೇಗದ ಪ್ರತಿಕ್ರಿಯೆ ಬೇಕಾದವರು ಡೇಟಾ ಹೊರಬೀಳುವ ಪೆಟ್ಟಿಗೆಯನ್ನು ತಮ್ಮ ಕಾಂಪೌಂಡ್ ಒಳಗೇ ಇಡಿಸಬೇಕು. ಸ್ಟ್ಯಾಂಡ್‌ಅಲೋನ್ ಕೋರ್‌ನಲ್ಲಿ ಆ ಪೆಟ್ಟಿಗೆಯನ್ನು ಬೇರೆ ಮಾಡಿ ಎಲ್ಲಿ ಬೇಕಾದರೂ ಇಡಬಹುದು. ಕಾರ್ಖಾನೆಗೆ ಸ್ಲೈಸ್‌ಗಿಂತ ಅದೇ ಹೆಚ್ಚು ಉಪಯೋಗ ಅಂತ ನನ್ನ ಅನಿಸಿಕೆ. ಆಗಲೂ ನಡೆಸುವವರು ಹಾಸನದಲ್ಲೇ ಇರಬೇಕು, ಬೆಂಗಳೂರಿನಲ್ಲಿ ಅಲ್ಲ.

ಮಲೆನಾಡ_ವಿದ್ಯಾರ್ಥಿ · ಶನಿವಾರ, ಬೆಳಿಗ್ಗೆ 11:20

ನನಗೆ ಇದರಲ್ಲಿ ಒಂದು ಒಪ್ಪಿಗೆಯಾಗದ ವಿಷಯ ಇದೆ. ಸಂಜೆ ಏಳಕ್ಕೆ ಕ್ಯೂರಿಂಗ್ ವರ್ಕ್ಸ್‌ಗೆ ಹತ್ತರಲ್ಲಿ ಒಂದು ಪಾಲು ಕೊಟ್ಟರೆ, ಅದು ಪಕ್ಕದ ಬಡಾವಣೆಯವರ ಪಾಲಿನಿಂದಲೇ ಬಂತು ಅಲ್ವಾ? ಎಲ್ಲ ಡೇಟಾಗೂ ಒಂದೇ ನ್ಯಾಯ ಅಂತ ಟ್ರಾಯ್ 2016ರಲ್ಲೇ ನಿಯಮ ತಂದಿತ್ತು. ಹಾಸ್ಟೆಲ್‌ನಲ್ಲಿ ಸಂಜೆ ಆನ್‌ಲೈನ್ ಕ್ಲಾಸ್‌ಗೆ ನೆಟ್ ಸಿಗದೆ ಒದ್ದಾಡಿದವನು ನಾನು. ಅದಕ್ಕೇ ಕೇಳುತ್ತಿದ್ದೇನೆ.

ಕೋರ್_ಸಕಲೇಶಪುರ · ಶನಿವಾರ, ಮಧ್ಯಾಹ್ನ 12:05

2016ರ ನಿಯಮ ಬೆಲೆಯ ಬಗ್ಗೆ, ಯಾವ ಸೈಟ್ ನೋಡುತ್ತೀರಿ ಎನ್ನುವುದರ ಮೇಲೆ ಬೇರೆ ಬೇರೆ ದರ ಹಾಕಬಾರದು ಅಂತ. ಹೊರಗಿನ ಇಂಟರ್ನೆಟ್ ಮುಟ್ಟದ, ಒಂದು ಸಂಸ್ಥೆಯ ಒಳಗಿನ ಜಾಲಕ್ಕೆ ಅದರಲ್ಲೇ ವಿನಾಯಿತಿ ಇದೆ. ಆದರೆ ನೀನು ಕೇಳಿದ ಮೊದಲ ಮಾತು ಸರಿ. ರೇಡಿಯೋ ಒಂದೇ, ಒಬ್ಬರಿಗೆ ಕಟ್ಟಿಟ್ಟರೆ ಇನ್ನೊಬ್ಬರಿಗೆ ಕಡಿಮೆ. ನಾವು ಬಳಸದೆ ಇರುವಾಗ ಆ ಪಾಲನ್ನು ಬೇರೆಯವರಿಗೆ ಬಿಡುವ ಹಾಗೆ ಕಟ್ಟಬಹುದು, ಒಳ್ಳೆಯ ಕಡೆ ಹಾಗೇ ಕಟ್ಟುತ್ತಾರೆ. ಆದರೂ ಗದ್ದಲದ ಹೊತ್ತಿನಲ್ಲಿ ಯಾರೋ ಒಬ್ಬರು ಕಾಯಲೇಬೇಕು.

ಮಲೆನಾಡ_ವಿದ್ಯಾರ್ಥಿ · ಶನಿವಾರ, ಮಧ್ಯಾಹ್ನ 12:30

ಆಂಬುಲೆನ್ಸ್‌ಗಾದರೆ ನಾನು ಸಂತೋಷದಿಂದ ಕಾಯುತ್ತೇನೆ ಅಕ್ಕ. ಕಾಫಿ ಬೀಜಕ್ಕೆ ಕಾಯಬೇಕಾ ಅನ್ನುವುದು ಯಾರು ತೀರ್ಮಾನ ಮಾಡುತ್ತಾರೆ?

ಹಾಲಿನ_ಲೆಕ್ಕ · ಶನಿವಾರ, ಮಧ್ಯಾಹ್ನ 12:48

ಆ ಬೀಜದಿಂದ ಎಷ್ಟೋ ಮನೆಯ ಒಲೆ ಉರಿಯುತ್ತದೆ ತಮ್ಮ. ಅದೂ ಲೆಕ್ಕಕ್ಕೆ ಬರಬೇಕು.

ಕಳಸದ_ಕಡೆಯವ · ಶನಿವಾರ, ಸಂಜೆ 4:10

ಮೇಡಂ, ನಿಮ್ಮ ಮಾತು ಕೇಳಿ ನಾಲ್ಕು ಮನೆಯವರೂ ಕೂತು ಮಾತಾಡಿದೆವು. ಟವರ್‌ನ ಬ್ಯಾಟರಿ ಎಷ್ಟು ಗಂಟೆ ನಿಲ್ಲುತ್ತದೆ ಅಂತ ಬರವಣಿಗೆಯಲ್ಲಿ ಕೇಳಿದ್ದೇವೆ. ಉತ್ತರ ಬಂದರೆ ಹಾಕುತ್ತೇನೆ.

ಪಾರ್ಚ್‌ಮೆಂಟ್_ಹಾಸನ · ಮುಂದಿನ ಬುಧವಾರ, ರಾತ್ರಿ 8:20

ರೂಟರ್ ಬಂತು. ಛಾವಣಿ ಮೇಲೆ ಆಂಟೆನಾ ಕೂರಿಸಿ ಟವರ್ ಕಡೆ ತಿರುಗಿಸಿದೆವು. ಕೇಬಲ್ ಎಳೆದು ಸಾರ್ಟರ್ ಪಕ್ಕ ಒಂದು ಕ್ಯಾಮೆರಾ. ಮೂರು ಸಂಜೆ ನೋಡಿದೆ, ಏಳರಿಂದ ಒಂಬತ್ತರವರೆಗೆ ಒಂದು ಸಲವೂ ಮಸುಕಾಗಲಿಲ್ಲ. ಇಂಜಿನಿಯರ್ ಕೊಯಮತ್ತೂರಿನಿಂದಲೇ 11ನೇ ನಳಿಕೆ ತಡವಾಗಿ ಊದುತ್ತಿದೆ ಅಂತ ಹಿಡಿದರು. ಬಿಚ್ಚಿ ನೋಡಿದರೆ ಒಳಗೆ ಕಾಫಿ ಸಿಪ್ಪೆಯ ದೂಳು ಗಟ್ಟಿಯಾಗಿ ಕೂತಿತ್ತು. ಯಜಮಾನರಿಗೆ ಹಳೇ ವರದಿ ತಪ್ಪು ಅಂತ ಹೊಸದು ಬರೆದುಕೊಟ್ಟೆ.

ಒಂದು ಮಾತ್ರ ಇನ್ನೂ ಗೊತ್ತಾಗಿಲ್ಲ. ನಮ್ಮ ಪಾಲು ನಿಜವಾಗಿ ಎಷ್ಟು ಅಂತ ಕಾಗದದಲ್ಲಿ ಬರೆದಿಲ್ಲ. "ಆದ್ಯತೆ" ಅಂತಷ್ಟೇ ಇದೆ. ಈಗ ಚೆನ್ನಾಗಿ ಬರುತ್ತಿರುವುದು ಸ್ಲೈಸ್‌ನಿಂದಲೋ, ಬರೀ ಆಂಟೆನಾದಿಂದಲೋ? ಒಂದು ವಾರ ಆ ರೂಟರ್‌ಗೆ ಮಾಮೂಲಿ ಸಿಮ್ ಹಾಕಿ ಅದೇ ಸಂಜೆ ಹೊತ್ತಿನಲ್ಲಿ ನೋಡೋಣ ಅಂತಿದ್ದೇನೆ. ಸೋಮವಾರದಿಂದ ಶುರು.